ಹನ್ನೊಂದು ಹೊಲದ ತೊಗರಿ, ಒಂದು ಮಧ್ಯಾಂಕ: ಬೂಟ್‌ಸ್ಟ್ರಾಪ್ ಲೆಕ್ಕವನ್ನು ಎಷ್ಟು ನಂಬಬಹುದು?

ಪ್ರಶ್ನೆ: ಸರ್, ಆಳಂದ ತಾಲೂಕಿನ 11 ಮಂದಿ ರೈತರ ತೊಗರಿ ಇಳುವರಿ ಅಳೆದಿದ್ದೇನೆ. ಎಕರೆಗೆ ಕ್ವಿಂಟಾಲ್ ಲೆಕ್ಕದಲ್ಲಿ 1.2, 2.0, 2.6, 3.1, 3.4, 3.8, 4.1, 4.5, 5.2, 6.0, 9.5. ಸಾಲಾಗಿ ಜೋಡಿಸಿದರೆ ನಟ್ಟನಡುವೆ ಬರುವ ಅಂಕಿ, ಅಂದರೆ ಮಧ್ಯಾಂಕ, 3.8. ಇದರ ಸ್ಟ್ಯಾಂಡರ್ಡ್ ಎರರ್ ಬರಿ ಅಂತ ಗೈಡ್ ಹೇಳಿದ್ದಾರೆ. ಪುಸ್ತಕದಲ್ಲಿ ಫಾರ್ಮುಲಾ ಸಿಗಲಿಲ್ಲ, ಬೂಟ್‌ಸ್ಟ್ರಾಪ್ ಮಾಡಿದೆ. 0.62 ಬಂತು, ಶೇ. 95ರ ಇಂಟರ್ವಲ್ 2.6ರಿಂದ 5.2. ಬರೀ 11 ಅಂಕಿಯಿಂದ ಬಂದದ್ದನ್ನು ನಂಬಬಹುದಾ? ಲಕ್ಷ ಸಲ ಓಡಿಸಿದರೆ ಇನ್ನೂ ಸರಿಯಾಗುತ್ತಾ? ಪ್ರತಿ ಹೊಲದಲ್ಲೂ ಎರಡು ಕಡೆ ತೂಕ ಮಾಡಿ ಸರಾಸರಿ ತೆಗೆದಿದ್ದೆ. ಅದರ ಬದಲು 22 ಅಂಕಿ ಹಾಕಲಾ?

ಉತ್ತರ: ನಿಮ್ಮ ಲೆಕ್ಕ ಸರಿಯಾಗಿದೆ. ನಾನೂ ಹಾಕಿ ನೋಡಿದೆ, ಅದೇ ಬಂತು. ಆದರೆ 0.62 ಮತ್ತು 2.6–5.2 ಎರಡಕ್ಕೂ ಒಂದೇ ತೂಕ ಇಲ್ಲ. ಇಂಟರ್ವಲನ್ನು ನಾನು ಹೆಚ್ಚು ನಂಬುತ್ತೇನೆ, ಸ್ಟ್ಯಾಂಡರ್ಡ್ ಎರರನ್ನು ಕಡಿಮೆ. ಯಾಕೆ ಅಂತ ನಿಧಾನವಾಗಿ ನೋಡೋಣ.

ಮೊದಲು ಫಾರ್ಮುಲಾ ಯಾಕೆ ಸಿಗಲಿಲ್ಲ ಅನ್ನುವುದು. ಬೇರೆ 11 ಮಂದಿ ಸಿಕ್ಕಿದ್ದರೆ ಉತ್ತರ ಎಷ್ಟು ಅಲುಗುತ್ತಿತ್ತು ಅನ್ನುವುದೇ ಸ್ಟ್ಯಾಂಡರ್ಡ್ ಎರರ್. ಸರಾಸರಿಗೆ ಇದು ಸುಲಭ. ಮಾನಕ ವಿಚಲನೆಯನ್ನು 11ರ ವರ್ಗಮೂಲದಿಂದ ಭಾಗಿಸಿದರೆ ಮುಗೀತು. ಮಧ್ಯಾಂಕಕ್ಕೆ ಹಾಗಿಲ್ಲ. ನಡುವಿನ ಜಾಗದಲ್ಲಿ ರೈತರು ಎಷ್ಟು ದಟ್ಟವಾಗಿ ಸೇರಿದ್ದಾರೆ ಅನ್ನುವುದರ ಮೇಲೆ ಮಧ್ಯಾಂಕದ ಅಲುಗಾಟ ನಿಂತಿದೆ. 3.8ರ ಆಚೆ ಈಚೆ ತುಂಬಾ ಜನ ಇದ್ದರೆ ಮಧ್ಯಾಂಕ ಹೆಚ್ಚು ಕದಲುವುದಿಲ್ಲ. ಅಲ್ಲಿ ಖಾಲಿ ಇದ್ದರೆ ದೂರ ಜಾರುತ್ತದೆ. ದೊಡ್ಡ ಮಾದರಿಗೆ ಒಂದು ಫಾರ್ಮುಲಾ ಇದೆ, ಆದರೆ ಅದರೊಳಗೆ ಈ ದಟ್ಟಣೆಯನ್ನು ತುಂಬಬೇಕು. ಇಡೀ ತಾಲೂಕಿನ ದಟ್ಟಣೆ ನಿಮಗೆ ಗೊತ್ತಿಲ್ಲ. 11 ಅಂಕಿಯಿಂದ ಅದನ್ನು ಅಳೆಯಲೂ ಆಗುವುದಿಲ್ಲ.

ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಬ್ರಾಡ್ಲಿ ಎಫ್ರಾನ್ 1979ರಲ್ಲಿ ತೋರಿಸಿದ ದಾರಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ತಾಲೂಕು ಕೈಗೆ ಸಿಗುವುದಿಲ್ಲ, ಆದರೆ ನಿಮ್ಮ 11 ರೈತರು ತಾಲೂಕಿನ ಚಿಕ್ಕ ಚಿತ್ರ. ಆ ಚಿತ್ರದಿಂದಲೇ ಮತ್ತೆ ಮತ್ತೆ 11 ಮಂದಿಯನ್ನು ಆರಿಸಿ, ಉತ್ತರ ಎಷ್ಟು ಅಲುಗುತ್ತದೆ ನೋಡಿ ಅಂತ ಅವರು ಹೇಳಿದರು. ನಮ್ಮ ದೇಶದಲ್ಲಿ ಇದರ ಹತ್ತಿರದ ಯೋಚನೆ ಮೊದಲೇ ಇತ್ತು. ಬಂಗಾಳದ ಸೆಣಬಿನ ಸರ್ವೇಗಳಲ್ಲಿ ಮಹಾಲನೋಬಿಸ್ ಮಾದರಿಯನ್ನೇ ಉಪಮಾದರಿಗಳಾಗಿ ಒಡೆದು, ಅವು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅಂತ ನೋಡುತ್ತಿದ್ದರು. ಹೊಲದ ಬೆಳೆಯ ಪ್ರಶ್ನೆಯೇ ಅವರನ್ನೂ ಅಲ್ಲಿಗೆ ಕರೆದುಕೊಂಡು ಹೋಗಿತ್ತು ಅನ್ನುವುದು ನನಗೆ ತುಂಬಾ ಇಷ್ಟದ ವಿಷಯ.

ಕಂಪ್ಯೂಟರ್ ಮಾಡಿದ್ದನ್ನು ಒಮ್ಮೆ ಕೈಯಿಂದ ಮಾಡಿ ನೋಡಿ. 11 ಚೀಟಿ ಬರೆದು ಡಬ್ಬಿಗೆ ಹಾಕಿ. ಒಂದು ತೆಗೆಯಿರಿ, ಅಂಕಿ ಬರೆದುಕೊಳ್ಳಿ, ಚೀಟಿಯನ್ನು ವಾಪಸ್ ಹಾಕಿ, ಕಲಸಿ. ಹೀಗೆ 11 ಸಲ. ವಾಪಸ್ ಹಾಕುವುದೇ ಮುಖ್ಯ. ಹಾಕದೇ ಹೋದರೆ ಪ್ರತಿ ಸಲ ಅದೇ 11 ಚೀಟಿ ಬರುತ್ತವೆ, ಮಧ್ಯಾಂಕ ಕದಲುವುದೇ ಇಲ್ಲ. ನಾನು ಒಂದು ಸುತ್ತು ಹಾಕಿದಾಗ ಬಂದದ್ದು ಇದು: 2.6, 5.2, 3.4, 3.4, 1.2, 4.5, 2.6, 6.0, 3.4, 2.0, 3.1. ಐದನೇ ರೈತ ಮೂರು ಸಲ ಬಂದ, ಮೂರನೆಯವನು ಎರಡು ಸಲ. ಆರನೇ, ಏಳನೇ, ಹನ್ನೊಂದನೇ ರೈತರು ಬರಲೇ ಇಲ್ಲ. ಜೋಡಿಸಿ ನೋಡಿದರೆ ಈ ಸುತ್ತಿನ ಮಧ್ಯಾಂಕ 3.4. ಇನ್ನೊಂದು ಸುತ್ತು ಹಾಕಿದರೆ 4.1 ಬರಬಹುದು. ಈ ಮಧ್ಯಾಂಕಗಳ ಮಾನಕ ವಿಚಲನೆಯೇ ಬೂಟ್‌ಸ್ಟ್ರಾಪ್ ಸ್ಟ್ಯಾಂಡರ್ಡ್ ಎರರ್.

R ನಲ್ಲಿ ಇಷ್ಟೇ ಸಾಕು:

```r
y <- c(1.2,2.0,2.6,3.1,3.4,3.8,4.1,4.5,5.2,6.0,9.5)
set.seed(11)
m <- replicate(5000, median(sample(y, replace = TRUE)))
sd(m)
quantile(m, c(0.025, 0.975))
table(m)
```

ಎಕ್ಸೆಲ್‌ನಲ್ಲಿ ಮಾಡುವವರು `=INDEX($A$1:$A$11,RANDBETWEEN(1,11))` ಅನ್ನು ಒಂದು ಸಾಲಿನಲ್ಲಿ 11 ಸಲ ಎಳೆದು, ಕೊನೆಗೆ `MEDIAN` ಹಾಕಿ, ಆ ಸಾಲನ್ನೇ ಸಾವಿರಾರು ಸಲ ಕೆಳಗೆ ಎಳೆಯಬಹುದು.

ಕೋಡಿನ ಕೊನೆಯ ಸಾಲನ್ನು ಬಹಳ ಜನ ಓಡಿಸುವುದೇ ಇಲ್ಲ. ದಯವಿಟ್ಟು ಓಡಿಸಿ. `table(m)` ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಬೆಸ ಸಂಖ್ಯೆಯ ಮಾದರಿಯಲ್ಲಿ ಮಧ್ಯಾಂಕ ಯಾವಾಗಲೂ ಮಾದರಿಯೊಳಗಿನ ಒಂದು ಅಂಕಿಯೇ. ಹಾಗಾಗಿ 5000 ಸುತ್ತು ಹಾಕಿದರೂ ಬರಬಹುದಾದ ಉತ್ತರಗಳು ಹನ್ನೊಂದೇ. ಎಷ್ಟು ಸಲ ಯಾವುದು ಬರುತ್ತದೆ ಅನ್ನುವುದನ್ನು ಚೀಟಿ ಎತ್ತದೇ ಕಾಗದದ ಮೇಲೂ ಲೆಕ್ಕ ಹಾಕಬಹುದು. 3.8 ನೂರಕ್ಕೆ ಸುಮಾರು 24 ಸಲ. ಅದರ ಅಕ್ಕಪಕ್ಕದ 3.4 ಮತ್ತು 4.1 ತಲಾ 21ರ ಹತ್ತಿರ. 3.1 ಮತ್ತು 4.5 ತಲಾ 12. 2.6 ಮತ್ತು 5.2 ತಲಾ 4ಕ್ಕಿಂತ ಸ್ವಲ್ಪ ಜಾಸ್ತಿ. 2.0 ಮತ್ತು 6.0 ತಲಾ 0.7. ತುದಿಯ ಎರಡು ಅಂಕಿಗಳು ಬರುವುದು ಬಹಳ ಅಪರೂಪ.

ಈಗ ಕೆಳಗಿನಿಂದ ಕೂಡುತ್ತಾ ಬನ್ನಿ. 2.0ರವರೆಗೆ ಕೂಡಿದರೆ ನೂರಕ್ಕೆ 0.7 ಮಾತ್ರ. 2.6 ಸೇರಿಸಿದ ಕೂಡಲೇ 5.1 ಆಗುತ್ತದೆ. ಶೇ. 95ರ ಇಂಟರ್ವಲ್ ಎರಡೂ ತುದಿಯಲ್ಲಿ ನೂರಕ್ಕೆ 2.5ರಷ್ಟನ್ನು ಹೊರಗೆ ಬಿಡುತ್ತದೆ, ಕೆಳಗಿನ ಆ 2.5ರ ಗಡಿ 2.6ರ ಮೇಲೆಯೇ ಬಿತ್ತು. ಮೇಲಿನಿಂದಲೂ ಹೀಗೇ, ಗಡಿ 5.2ರ ಮೇಲೆ. ನಿಮ್ಮ 2.6–5.2 ಬಂದದ್ದು ಇಲ್ಲಿಂದ. ನಿಮ್ಮ ಇಂಟರ್ವಲ್ ಅಂದರೆ ಮೂರನೇ ರೈತನಿಂದ ಒಂಬತ್ತನೇ ರೈತನವರೆಗೆ, ಅಷ್ಟೇ. 11 ಬೇರೆ ಬೇರೆ ಅಂಕಿ ಇರುವ ಯಾವ ಮಾದರಿ ತಂದರೂ ಮಧ್ಯಾಂಕಕ್ಕೆ ಇದೇ ಮೂರನೇ ಮತ್ತು ಒಂಬತ್ತನೇ ಜಾಗ ಬರುತ್ತದೆ.

ಇದು ತಿಳಿದ ಮೇಲೆ ಇಂಟರ್ವಲನ್ನು ಬೂಟ್‌ಸ್ಟ್ರಾಪ್ ಬಿಟ್ಟು ಬೇರೆ ದಾರಿಯಿಂದ ಪರೀಕ್ಷೆ ಮಾಡಬಹುದು. ಅದಕ್ಕೆ ನಾಣ್ಯ ಸಾಕು. ತಾಲೂಕಿನ ನಿಜವಾದ ಮಧ್ಯಾಂಕ ಎಷ್ಟೋ ಇರಲಿ. ಲಾಟರಿಯಲ್ಲಿ ಆರಿಸಿದ ಪ್ರತಿ ರೈತ ಅದರ ಕೆಳಗೆ ಬೀಳುವ ಸಾಧ್ಯತೆ ಅರ್ಧ, ಮೇಲೆ ಬೀಳುವ ಸಾಧ್ಯತೆ ಅರ್ಧ. ನಿಮ್ಮ ಮೂರನೇ ರೈತನೂ ನಿಜವಾದ ಮಧ್ಯಾಂಕಕ್ಕಿಂತ ಮೇಲಿದ್ದರೆ, ಅದರ ಕೆಳಗೆ ಇದ್ದವರು ಹೆಚ್ಚೆಂದರೆ ಇಬ್ಬರು. 11 ಸಲ ನಾಣ್ಯ ಚಿಮ್ಮಿದಾಗ ತಲೆ ಹೆಚ್ಚೆಂದರೆ ಎರಡೇ ಸಲ ಬೀಳುವ ಹಾಗೆ. ಒಟ್ಟು 2048 ವಿಧಗಳಲ್ಲಿ ಅದು 1 + 11 + 55, ಅಂದರೆ 67 ವಿಧ. ಆಚೆ ಕಡೆಯೂ 67. ಎರಡೂ ಸೇರಿ 134. ಉಳಿದ 1914 ವಿಧಗಳಲ್ಲಿ ನಿಜವಾದ ಮಧ್ಯಾಂಕ ನಿಮ್ಮ ಇಂಟರ್ವಲಿನ ಒಳಗೇ ಇರುತ್ತದೆ. ಅದು ಶೇ. 93.5.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇದೇ. ಬೂಟ್‌ಸ್ಟ್ರಾಪ್ ಶೇ. 95 ಅಂತ ಹೇಳಿತು, ನಿಜದಲ್ಲಿ ಸಿಕ್ಕಿದ್ದು 93.5. 11 ಅಂಕಿಗೆ ಇದು ತುಂಬಾ ಒಳ್ಳೆಯ ಫಲಿತಾಂಶ. ಕಡಿಮೆ ಆದದ್ದು ಇಂಟರ್ವಲಿಗೆ ನಿಲ್ಲಲು ಬೇರೆ ಜಾಗವೇ ಇಲ್ಲದ್ದರಿಂದ. ಒಂದು ಹೆಜ್ಜೆ ಹೊರಗೆ ಹೋಗಿ ಎರಡನೇ ಮತ್ತು ಹತ್ತನೇ ರೈತನನ್ನು ಹಿಡಿದರೆ 2.0–6.0 ಆಗುತ್ತದೆ, ಅದರ ಭರವಸೆ ಶೇ. 98.8. ನಡುವೆ ಮೆಟ್ಟಿಲು ಇಲ್ಲ.

ಮಧ್ಯಾಂಕವಲ್ಲದೆ ಬೇರೆ ಅಳತೆಗಳಲ್ಲೂ ಚಿಕ್ಕ ಮಾದರಿ ಇರುವಾಗ ಬೂಟ್‌ಸ್ಟ್ರಾಪ್ ಸ್ವಲ್ಪ ಬಿಗಿಯಾಗಿಯೇ ಅಳೆಯುತ್ತದೆ. ಸರಾಸರಿಗೆ ಫಾರ್ಮುಲಾ ಇದೆಯಲ್ಲ, ಅಲ್ಲಿ ಹೋಲಿಸಿ ನೋಡಿ. ನಿಮ್ಮ ಸರಾಸರಿ 4.13. ಫಾರ್ಮುಲಾ ಪ್ರಕಾರ ಅದರ ಸ್ಟ್ಯಾಂಡರ್ಡ್ ಎರರ್ 0.68. ಬೂಟ್‌ಸ್ಟ್ರಾಪ್ ಎಷ್ಟೇ ಸುತ್ತು ಹಾಕಿದರೂ 0.65ರ ಹತ್ತಿರ ನಿಲ್ಲುತ್ತದೆ. ಫಾರ್ಮುಲಾ 10ರಿಂದ ಭಾಗಿಸುವ ಕಡೆ ಡಬ್ಬಿ 11ರಿಂದ ಭಾಗಿಸುತ್ತದೆ, ಅದಕ್ಕೇ ಈ ಶೇ. 5ರಷ್ಟು ಕೊರತೆ. 100 ಅಂಕಿ ಇದ್ದರೆ ಇದು ಕಣ್ಣಿಗೇ ಬೀಳುವುದಿಲ್ಲ. 11ರಲ್ಲಿ ಬೀಳುತ್ತದೆ, 5 ಅಥವಾ 6ರಲ್ಲಿ ಜೋರಾಗಿಯೇ ಬೀಳುತ್ತದೆ. ಅಷ್ಟು ಕಡಿಮೆ ಇದ್ದಾಗ ನಾನು ಬೂಟ್‌ಸ್ಟ್ರಾಪ್ ಮಾಡುವುದಿಲ್ಲ, ಅಂಕಿಗಳನ್ನೇ ಪಟ್ಟಿ ಮಾಡಿ ಕೊಡುತ್ತೇನೆ.

ಇನ್ನು ಲಕ್ಷ ಸುತ್ತಿನ ವಿಷಯ. ಸುತ್ತು ಹೆಚ್ಚಾದರೆ ಕಂಪ್ಯೂಟರಿನ ಚೀಟಿ ಎತ್ತುವ ಆಟದ ಏರುಪೇರು ಕಡಿಮೆ ಆಗುತ್ತದೆ, ನಿಮ್ಮ ಅರಿವು ಹೆಚ್ಚಾಗುವುದಿಲ್ಲ. 200 ಸುತ್ತಿಗೆ ನಿಲ್ಲಿಸಿದರೆ 0.62ರ ಬದಲು 0.59 ಅಥವಾ 0.65 ಬರಬಹುದು. 5000 ಸುತ್ತಿನಲ್ಲಿ ಅದು ಎರಡನೇ ದಶಮಾಂಶಕ್ಕೆ ಇಳಿಯುತ್ತದೆ. ಅಲ್ಲಿಂದ ಮುಂದೆ ಲಕ್ಷಕ್ಕೆ ಹೋದರೆ ಬರುವುದು ಅದೇ 0.62. ತಾಲೂಕಿನ ಬಗ್ಗೆ ನಿಮಗೆ ಗೊತ್ತಿರುವುದು 11 ಹೊಲದಷ್ಟೇ, ಡಬ್ಬಿಯನ್ನು ಎಷ್ಟು ಅಲ್ಲಾಡಿಸಿದರೂ ಹನ್ನೆರಡನೇ ಚೀಟಿ ಬೀಳುವುದಿಲ್ಲ. ಸ್ಟ್ಯಾಂಡರ್ಡ್ ಎರರಿಗೆ ಸಾವಿರ, ಇಂಟರ್ವಲಿಗೆ ಐದು ಸಾವಿರ ಸುತ್ತು ಇಟ್ಟುಕೊಳ್ಳಿ. `set.seed` ಹಾಕಿದರೆ ಗೈಡ್ ಓಡಿಸಿದಾಗಲೂ ಅದೇ ಅಂಕಿ ಬರುತ್ತದೆ.

0.62ನ್ನು ಕಡಿಮೆ ನಂಬುತ್ತೇನೆ ಅಂದೆ. ಅದಕ್ಕೆ ಕಾರಣ ಆ ಹನ್ನೊಂದನೇ ಹೊಲ. ಮಳೆ ನಂಬಿದ ಎರೆ ಭೂಮಿಯಲ್ಲಿ 9.5 ಬರುವುದು ಕಷ್ಟ, ಬೋರ್‌ವೆಲ್ ಇಟ್ಟು ಡ್ರಿಪ್ ಹಾಕಿದ ಹೊಲ ಇರಬೇಕು. ಅದು ನಿಜವಾದ ಅಂಕಿಯೇ ಆಗಿದ್ದರೆ ಇರಲಿ, ತೆಗೆಯಬೇಡಿ. ಆದರೆ ಟೈಪ್ ಮಾಡುವಾಗ ಚುಕ್ಕಿ ಬಿಟ್ಟುಹೋಗಿ 95 ಆಯಿತು ಅಂದುಕೊಳ್ಳಿ. ಮಧ್ಯಾಂಕ 3.8 ಹಾಗೇ ಇರುತ್ತದೆ. ಇಂಟರ್ವಲ್ 2.6–5.2 ಹಾಗೇ ಇರುತ್ತದೆ. ಸ್ಟ್ಯಾಂಡರ್ಡ್ ಎರರ್ ಮಾತ್ರ ಹುಚ್ಚಾಟ ಆಡುತ್ತದೆ. ಆ ಒಂದೇ ಚೀಟಿ 11ರಲ್ಲಿ ಆರು ಸಲ ಬಂದರೆ ಆ ಸುತ್ತಿನ ಮಧ್ಯಾಂಕವೇ 95 ಆಗಿಬಿಡುತ್ತದೆ. ಅದು ಸುಮಾರು 5,700 ಸುತ್ತಿಗೆ ಒಂದು ಸಲ ಆಗುವ ಸಂಗತಿ. ನೀವು 5000 ಸುತ್ತು ಹಾಕಿದಾಗ ಅದು ಒಂದೂ ಬರದಿದ್ದರೆ 0.6 ಕಾಣುತ್ತದೆ. ಒಂದು ಬಂದರೆ 1.4. ಎರಡು ಬಂದರೆ 1.9. ಮಾದರಿ ಅದೇ, ಕೋಡ್ ಅದೇ, ಸೀಡ್ ಮಾತ್ರ ಬೇರೆ.

ಹಾಗಾಗಿ ಒಂದು ಅಭ್ಯಾಸ ಮಾಡಿಕೊಳ್ಳಿ. ಬೇರೆ ಬೇರೆ ಸೀಡ್ ಹಾಕಿ ನಾಲ್ಕೈದು ಸಲ ಓಡಿಸಿ. ಸ್ಟ್ಯಾಂಡರ್ಡ್ ಎರರ್ ಹಾರಾಡಿದರೆ ತುದಿಯ ಒಂದೆರಡು ಅಂಕಿ ಅದನ್ನು ಎಳೆಯುತ್ತಿವೆ ಅಂತ ಅರ್ಥ. ಆಗ ಹೊಲದ ಪುಸ್ತಕ ತೆಗೆದು ಆ ಅಂಕಿಯನ್ನು ಮೊದಲು ನೋಡಿ. ಅಂಕಿ ಸರಿ ಇದ್ದರೆ ವರದಿಯಲ್ಲಿ ಇಂಟರ್ವಲನ್ನೇ ಮುಂದಿಡಿ. 3.8ಕ್ಕೆ 0.62ರ ಎರಡರಷ್ಟು ಕೂಡಿ ಕಳೆದು 2.56–5.04 ಅಂತ ಬರೆಯುವ ಅಭ್ಯಾಸ ಇಲ್ಲಿ ಬೇಡ. ನಿಮ್ಮ ಅಂಕಿಗಳು ಮೇಲಿನ ಕಡೆ ಹೆಚ್ಚು ಹರಡಿವೆ. ಎರಡೂ ಕಡೆ ಸಮ ಇರುವ ಇಂಟರ್ವಲ್ ಅದನ್ನು ಮುಚ್ಚಿಡುತ್ತದೆ.

22 ಅಂಕಿ ಮಾತ್ರ ಖಂಡಿತ ಹಾಕಬೇಡಿ. ಈ ತಪ್ಪನ್ನು ನಾನೇ ಮಾಡಿದ್ದೇನೆ. ಯಾದಗಿರಿ ಕಡೆ ಹತ್ತಿ ಬೆಳೆಗಾರರ ಒಂದು ಸರ್ವೇ ಇತ್ತು. ಪ್ರತಿ ರೈತನ ಹೊಲದಲ್ಲೂ ಹಲವು ಕಡೆ ಹತ್ತಿ ಬಿಡಿಸಿ ತೂಕ ಮಾಡಿದ್ದೆವು. ನಾನು ಎಲ್ಲ ತೂಕಗಳನ್ನೂ ಒಂದೇ ಡಬ್ಬಿಗೆ ಸುರಿದು ಬೂಟ್‌ಸ್ಟ್ರಾಪ್ ಮಾಡಿದೆ. ಇಂಟರ್ವಲ್ ತುಂಬಾ ಕಿರಿದಾಗಿ ಬಂತು, ಖುಷಿಯೂ ಆಯಿತು. ಮುಂದಿನ ವರ್ಷ ಅದೇ ಊರುಗಳಲ್ಲಿ ಬೇರೆ ರೈತರನ್ನು ಅಳೆದಾಗ ಉತ್ತರ ಆ ಇಂಟರ್ವಲಿನಿಂದ ಎಷ್ಟೋ ಆಚೆ ಬಿತ್ತು. ಮಳೆ ಬೇರೆ ಇತ್ತು ಅಂತ ಮೊದಲು ಸಮಾಧಾನ ಮಾಡಿಕೊಂಡೆ. ಆಮೇಲೆ ಹಳೆಯ ಅಂಕಿಯನ್ನೇ ರೈತರ ಲೆಕ್ಕದಲ್ಲಿ ಮತ್ತೆ ಎತ್ತಿದಾಗ ಇಂಟರ್ವಲ್ ಬಹಳ ಅಗಲ ಆಯಿತು. ಮಳೆಗೆ ಮೊದಲು ನನ್ನ ಲೆಕ್ಕವೇ ತಪ್ಪಿತ್ತು.

ಕಾರಣ ಸರಳ. ಒಂದೇ ಹೊಲದ ಎರಡು ಮೂಲೆಗೆ ಮಣ್ಣು ಒಂದೇ, ಬೀಜ ಒಂದೇ, ಬಿತ್ತಿದ ದಿನ ಒಂದೇ. ನೆಟೆ ರೋಗ ಬಂದರೆ ಎರಡಕ್ಕೂ ಬರುತ್ತದೆ. ಎರಡನೇ ತೂಕ ಹೊಸ ಸುದ್ದಿಯನ್ನು ಅಷ್ಟಾಗಿ ತರುವುದಿಲ್ಲ. ಎರಡೂ ತೂಕ ಹುಬೇಹೂಬು ಒಂದೇ ಇದ್ದವು ಅಂತ ಇಟ್ಟುಕೊಳ್ಳಿ. ಆಗ 22 ಚೀಟಿಯ ಡಬ್ಬಿಯಲ್ಲಿ ಸರಾಸರಿಯ ಸ್ಟ್ಯಾಂಡರ್ಡ್ ಎರರ್ 0.65ರಿಂದ 0.46ಕ್ಕೆ ಇಳಿಯುತ್ತದೆ. ಒಂದೂ ಹೊಸ ಅಂಕಿ ಇಲ್ಲದೇ ಇಷ್ಟು ಇಳಿಯುವುದು ಸಾಧ್ಯವಾ? ನೀವು ಲಾಟರಿಯಲ್ಲಿ ಆರಿಸಿದ್ದು ರೈತನನ್ನು, ಮೂಲೆಯನ್ನಲ್ಲ. ಚೀಟಿಯ ಮೇಲೂ ರೈತನೇ ಇರಬೇಕು. ಅವನು ಬಂದರೆ ಅವನ ಎರಡೂ ತೂಕ ಜೊತೆಯಲ್ಲಿ ಬರಬೇಕು. ನೀವು ಮೊದಲು ಮಾಡಿದ ಹಾಗೆ ಸರಾಸರಿ ತೆಗೆದು 11 ಇಟ್ಟರೂ ಸರಿಯೇ.

ಇದೇ ಮಾತು ಫಾರ್ಮುಲಾ ಇಲ್ಲದ ಬೇರೆ ಅಳತೆಗಳಿಗೂ ಅನ್ವಯಿಸುತ್ತದೆ. ಮುಂದೆ ನೀವು ಒಟ್ಟು ಕ್ವಿಂಟಾಲನ್ನು ಒಟ್ಟು ಎಕರೆಯಿಂದ ಭಾಗಿಸಿ ತಾಲೂಕಿನ ಇಳುವರಿ ಕೊಡಬೇಕಾದರೆ, ರೈತನ ಕ್ವಿಂಟಾಲ್ ಮತ್ತು ಎಕರೆ ಎರಡನ್ನೂ ಒಂದೇ ಚೀಟಿಯಲ್ಲಿ ಬರೆಯಿರಿ. ಡ್ರಿಪ್ ಹಾಕಿದವರ ಮಧ್ಯಾಂಕದಿಂದ ಹಾಕದವರ ಮಧ್ಯಾಂಕ ಕಳೆಯಬೇಕಾದರೆ ಎರಡು ಡಬ್ಬಿ ಇಡಿ, ಪ್ರತಿಯೊಂದರಿಂದ ಅದರದೇ ಸಂಖ್ಯೆಯಷ್ಟು ಚೀಟಿ ಎತ್ತಿ, ಪ್ರತಿ ಸುತ್ತಿನಲ್ಲೂ ಕಳೆಯಿರಿ. ಅಲ್ಲಿ ನಾಣ್ಯದ ಪರೀಕ್ಷೆ ಇಷ್ಟು ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ಚಿಕ್ಕ ಮಾದರಿಯಲ್ಲಿ ಬಂದ ಶೇ. 95ನ್ನು 95ಕ್ಕಿಂತ ಸ್ವಲ್ಪ ಕಡಿಮೆ ಅಂತಲೇ ಓದಿ.

ಬೂಟ್‌ಸ್ಟ್ರಾಪ್ ಪೂರ್ತಿ ಸೋಲುವ ಜಾಗವೂ ಇದೆ. ತಾಲೂಕಿನ ಅತಿ ಹೆಚ್ಚಿನ ಇಳುವರಿ ಎಷ್ಟು ಅಂತ ಗೈಡ್ ಕೇಳಿದರೆ ಇದನ್ನು ಬಳಸಬೇಡಿ. ಡಬ್ಬಿಯಲ್ಲಿ 9.5ಕ್ಕಿಂತ ದೊಡ್ಡ ಚೀಟಿಯೇ ಇಲ್ಲ. ಪ್ರತಿ 100 ಸುತ್ತಿನಲ್ಲಿ ಸುಮಾರು 65 ಸಲ ಉತ್ತರ 9.5 ಅಂತಲೇ ಬರುತ್ತದೆ, ಉಳಿದ ಸಲ ಅದಕ್ಕಿಂತ ಕಡಿಮೆ. ನಿಜವಾದ ಗರಿಷ್ಠ ಅದರ ಆಚೆ ಇರಬಹುದು ಅನ್ನುವುದು ಡಬ್ಬಿಗೆ ಗೊತ್ತೇ ಇಲ್ಲ. ಒಂದೇ ಅಂಕಿ ಹೀಗೆ `table` ತುಂಬಾ ಕುಳಿತರೆ ಅಲ್ಲಿಗೇ ನಿಲ್ಲಿಸಿ.

ಕೊನೆಯದಾಗಿ ಒಂದು ವಿಷಯ ನಿಮ್ಮನ್ನೇ ಕೇಳಬೇಕು. ಈ 11 ಮಂದಿಯನ್ನು ಹೇಗೆ ಆರಿಸಿದಿರಿ? ಊರಿನ ರೈತರ ಪಟ್ಟಿಯಿಂದ ಲಾಟರಿ ಎತ್ತಿದ್ದರೆ ಮೇಲಿನ ಮಾತೆಲ್ಲ ನಿಲ್ಲುತ್ತದೆ. ಕಲಬುರಗಿಯ ಗಂಜ್ ಮಾರುಕಟ್ಟೆಗೆ ತೊಗರಿ ತಂದವರನ್ನು ನಿಲ್ಲಿಸಿ ಕೇಳಿದ್ದರೆ ನಿಲ್ಲುವುದಿಲ್ಲ. ನೆಟೆ ಬಡಿದು ಮಾರಲು ಏನೂ ಉಳಿಯದವನು ಮಾರುಕಟ್ಟೆಗೆ ಬರುವುದೇ ಇಲ್ಲ, ಅವನ ಚೀಟಿ ಡಬ್ಬಿಯೊಳಗೆ ಬೀಳಲೇ ಇಲ್ಲ. ಬೂಟ್‌ಸ್ಟ್ರಾಪ್ ಅದನ್ನು ಕಂಡುಹಿಡಿಯಲಾರದು. ಇಂಟರ್ವಲ್ ಆಗಲೂ ಹೀಗೇ ಅಚ್ಚುಕಟ್ಟಾಗಿ ಬರುತ್ತದೆ.

ಲಾಟರಿಯೇ ಆಗಿದ್ದರೆ ವರದಿಯಲ್ಲಿ ಹೀಗೆ ಬರೆಯಿರಿ: "11 ರೈತರ ಇಳುವರಿಯ ಮಧ್ಯಾಂಕ ಎಕರೆಗೆ 3.8 ಕ್ವಿಂಟಾಲ್. ಪರ್ಸೆಂಟೈಲ್ ಬೂಟ್‌ಸ್ಟ್ರಾಪ್ ಇಂಟರ್ವಲ್ 2.6ರಿಂದ 5.2, 5000 ಸುತ್ತು, ರೈತನೇ ಘಟಕ. ಇದರ ನಿಜವಾದ ಭರವಸೆ ಶೇ. 93.5. ಬೂಟ್‌ಸ್ಟ್ರಾಪ್ ಸ್ಟ್ಯಾಂಡರ್ಡ್ ಎರರ್ 0.62." ಗೈಡ್ 95 ದಾಟಲೇಬೇಕು ಅಂತ ಹಟ ಹಿಡಿದರೆ ಈ ಅಂಕಿಗಳಿಂದ ಕೊಡಬಹುದಾದದ್ದು 2.0–6.0. ಅದು ಅಗಲ ಜಾಸ್ತಿ ಅನಿಸಿದರೆ ಮುಂದಿನ ರಾಶಿಗೆ 25 ರೈತರನ್ನು ಲಾಟರಿಯಲ್ಲಿ ಆರಿಸಿ. ಆಗ ಎಂಟನೇ ರೈತನಿಂದ ಹದಿನೆಂಟನೇ ರೈತನವರೆಗಿನ ಇಂಟರ್ವಲಿಗೇ ಶೇ. 95.7ರ ಭರವಸೆ ಸಿಗುತ್ತದೆ.